ಕಣ್ಣಿಗೆ ಒಂದೇ, ಹುಡುಕಿದರೆ ಇಲ್ಲ

"ಸರ್, ಇವರು ಇಡೀ ಸಂಕಲನದಲ್ಲಿ 'ಬೇಸರ' ಅನ್ನೋ ಪದಾನೇ ಬಳಸಿಲ್ಲ. ನೋಡಿ, ಸೊನ್ನೆ ಫಲಿತಾಂಶ."

ಎಂ.ಎ. ಕೊನೆಯ ವರ್ಷದ ಹುಡುಗಿ. ಕಿರುಪ್ರಬಂಧಕ್ಕೆ ಒಬ್ಬ ಕತೆಗಾರರನ್ನು ಆರಿಸಿಕೊಂಡಿದ್ದಳು. ಅವರ ಪಾತ್ರಗಳು ದುಃಖಪಡುತ್ತವೆ, ಸಿಟ್ಟಾಗುತ್ತವೆ, ಆದರೆ ಬೇಸರಪಡುವುದಿಲ್ಲ ಎಂಬುದು ಅವಳ ವಾದ. ವಾದ ಚೆನ್ನಾಗಿತ್ತು. ಬೇಸರ ಎಂಬುದೇ ನಗರದ ಭಾವ, ಈ ಕತೆಗಾರರ ಲೋಕಕ್ಕೆ ಅದು ಇನ್ನೂ ಬಂದಿಲ್ಲ ಎಂದು ಎರಡು ಪುಟ ಬರೆದೂ ಆಗಿತ್ತು. ಒಂದೇ ತೊಂದರೆ ಎಂದರೆ ಆ ಸಂಕಲನವನ್ನು ನಾನು ಓದಿದ್ದೆ. ಎರಡನೆಯ ಕತೆ ಶುರುವಾಗುವುದೇ ಒಬ್ಬ ಮುದುಕನ ಬೇಸರದಿಂದ.

ಅವಳ ಲ್ಯಾಪ್‌ಟಾಪಿನಲ್ಲೇ ಆ ಕತೆಯನ್ನು ತೆರೆದೆವು. ಪದ ಅಲ್ಲೇ ಇತ್ತು, ಮೊದಲ ಸಾಲಿನಲ್ಲೇ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ 'ಬೇಸರ', ಕೆಳಗೆ ಪುಟದಲ್ಲಿ 'ಬೇಸರ', ನಡುವೆ "ಯಾವ ಫಲಿತಾಂಶವೂ ಇಲ್ಲ" ಎಂಬ ಸಾಲು. ಅವಳು ನನ್ನ ಮುಖ ನೋಡಿದಳು. ತಪ್ಪು ಮಾಡಿದವಳು ತಾನೇ ಏನೋ ಎಂಬ ಭಾವ ಆ ಮುಖದಲ್ಲಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಆ ಸಂಗ್ರಹದ ಉಸ್ತುವಾರಿ ನೋಡುವವರಿಗೆ ಬರೆದಾಗ ಬಂದ ಉತ್ತರ: "ನೀವು ಸರಿಯಾದ ಕೀಲಿಮಣೆ ಬಳಸಿ ಟೈಪ್ ಮಾಡಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ." ಈ ಬರಹ ಆ ಒಂದು ವಾಕ್ಯಕ್ಕೆ ಪ್ರತ್ಯುತ್ತರ.

ಮೊದಲು ನಡೆದದ್ದೇನು ಎಂದು ನೋಡೋಣ. ಪರದೆಯ ಮೇಲೆ ಕಾಣುವುದು ಅಕ್ಷರ, ಯಂತ್ರದೊಳಗೆ ಇರುವುದು ಸಂಖ್ಯೆಗಳ ಸಾಲು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಒಂದು ಸಂಖ್ಯೆಯಿದೆ, ಅದನ್ನು ಕೋಡ್ ಪಾಯಿಂಟ್ ಎನ್ನುತ್ತಾರೆ. ವಿದ್ಯಾರ್ಥಿನಿ ಟೈಪ್ ಮಾಡಿದ 'ಬೇ' ಎರಡು ಸಂಖ್ಯೆಗಳಿಂದಾದದ್ದು: ಬ, ಅದರ ಮೇಲೆ ಏತ್ವದ ದೀರ್ಘ. ಸಂಗ್ರಹದಲ್ಲಿದ್ದ 'ಬೇ' ಮೂರು ಸಂಖ್ಯೆಗಳಿಂದಾದದ್ದು: ಬ, ಏತ್ವ, ಆಮೇಲೆ ಬೇರೆಯೇ ಆದ ಒಂದು ದೀರ್ಘದ ಗುರುತು.

```
ಹುಡುಕಿದ್ದು:  U+0CAC U+0CC7
ಪುಟದಲ್ಲಿದ್ದದ್ದು:  U+0CAC U+0CC6 U+0CD5
```

ಅಕ್ಷರ ಬಿಡಿಸುವ ತಂತ್ರಾಂಶ ಎರಡನ್ನೂ ಒಂದೇ ರೀತಿ ಬಿಡಿಸುತ್ತದೆ, ಬಿಡಿಸಲೇಬೇಕು. ಹುಡುಕುವ ತಂತ್ರಾಂಶ ಮಾತ್ರ ಚಿತ್ರ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಎರಡನೆಯ ಸಂಖ್ಯೆಗೆ ಬಂದಾಗ ಬೇರೆ ಕಂಡಿತು, ಇಲ್ಲ ಎಂದಿತು.

ಈ ಒಡೆದ ರೂಪ ಎಲ್ಲಿಂದ ಬಂತು? ಯಾರೋ ಅಡ್ಡಾದಿಡ್ಡಿ ಟೈಪ್ ಮಾಡಿದ್ದರಿಂದ ಅಲ್ಲ. ಯೂನಿಕೋಡ್ ಮನೆಮಾತಾಗುವ ಮುಂಚೆ ಕನ್ನಡ ಪುಸ್ತಕಗಳು ಅಚ್ಚಾಗುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಲ್ಲಿ. ಡಿಟಿಪಿ ಅಂಗಡಿಯ ಕಡತವೊಂದನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ `PÀ£ÀßqÀ` ಎಂಬ ವಿಚಿತ್ರ ಸಾಲು ನೆನಪಿರಬಹುದು. ಅದು 'ಕನ್ನಡ', ನುಡಿ ಫಾಂಟಿನ ಸಂಕೇತದಲ್ಲಿ. ಅದೇ ಸಂಕೇತದಲ್ಲಿ 'ಬೇಸರ' ಹೀಗಿರುತ್ತದೆ: `¨ÉÃ¸ÀgÀ`. ಇಲ್ಲಿ `¨É` ಎಂದರೆ 'ಬೆ', ಅದರ ಪಕ್ಕದ `Ã` ಎಂದರೆ ದೀರ್ಘದ ಕೊಂಡಿ. ಅಂದರೆ ಆ ಕಾಲದ ಅಚ್ಚಿನ ಮೊಳೆಯ ಹಾಗೆ ದೀರ್ಘ ಬೇರೆಯೇ ತುಣುಕು. ಇಂಥ ಕಡತವನ್ನು ಯೂನಿಕೋಡ್‌ಗೆ ತರುವ ಪರಿವರ್ತಕ ತುಣುಕಿಗೆ ತುಣುಕು ಇಟ್ಟು ಕೈತೊಳೆದುಕೊಂಡರೆ ಸಿಗುವುದು ಏತ್ವ ಮತ್ತು ದೀರ್ಘ ಬೇರೆ ಬೇರೆಯಾಗಿ ಉಳಿದ 'ಬೇ'. ಒಳ್ಳೆಯ ಪರಿವರ್ತಕ ಎರಡನ್ನೂ ಸೇರಿಸಿ ಒಂದು ಮಾಡುತ್ತದೆ. ಎಲ್ಲವೂ ಮಾಡಲಿಲ್ಲ. ಮಾಡದಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಕರಡು ತಿದ್ದುವವರು ನೋಡುವುದು ಚಿತ್ರವನ್ನೇ.

ಹಾಗೆ ನೋಡಿದರೆ ನಾವೆಲ್ಲ ಶಾಲೆಯಲ್ಲಿ ಕಾಗುಣಿತ ಕಲಿತದ್ದೂ ಒಡೆದ ರೂಪದಲ್ಲೇ. ಗುಡಿಸು, ಗುಡಿಸಿನ ದೀರ್ಘ. ಏತ್ವ, ಏತ್ವದ ದೀರ್ಘ. 'ಕೀ' ಬರೆಯಲು ಮೊದಲು 'ಕಿ' ಬರೆದು ದೀರ್ಘ ಎಳೆಯುತ್ತಿದ್ದೆವು. ಯೂನಿಕೋಡ್ ಇದನ್ನು ಮರೆತಿಲ್ಲ. ಕನ್ನಡದ ಐದು ಸ್ವರಚಿಹ್ನೆಗಳಿಗೆ (ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಬರುವವು) ಅದು ಇಡಿಯಾದ ರೂಪವನ್ನೂ ಬಿಡಿಸಿದ ರೂಪವನ್ನೂ ಕೊಟ್ಟಿದೆ, ಕೊಟ್ಟು ಸುಮ್ಮನಾಗದೆ ಇವೆರಡೂ ಒಂದೇ ಎಂದು ಸಾರಿಯೂ ಇದೆ. ಈ ಎರಡನ್ನು ಬೇರೆ ಬೇರೆ ಎಂದು ಯಾವ ತಂತ್ರಾಂಶವೂ ಭಾವಿಸಕೂಡದು ಎಂಬ ಅರ್ಥದ ನಿಯಮ ಅದರಲ್ಲಿದೆ. ಎರಡನ್ನೂ ಒಂದು ರೂಪಕ್ಕೆ ತರುವ ವಿಧಾನಕ್ಕೆ ಎನ್‌ಎಫ್‌ಸಿ ಎಂಬ ಹೆಸರಿದೆ, ಹೇಗೆ ತರಬೇಕು ಎಂಬ ಕೋಷ್ಟಕವನ್ನೂ ಕೊಟ್ಟಿದ್ದಾರೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 2015ರಿಂದ ಇದು `q.normalize("NFC")` ಎಂಬಷ್ಟೇ ಕೆಲಸ. ಪೈಥಾನ್‌ನಲ್ಲೂ ಒಂದು ಸಾಲು. ಪೋಸ್ಟ್‌ಗ್ರೆಸ್ ದತ್ತಾಂಶ ಕೋಶದಲ್ಲಿ 13ನೇ ಆವೃತ್ತಿಯಿಂದ ಒಂದು ಪದ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ನೀವು ಉಳಿಸುವ ಪಠ್ಯವನ್ನೆಲ್ಲ ಕೇಳದೆಯೇ ಎನ್‌ಎಫ್‌ಸಿಗೆ ತರುತ್ತದೆ. ಹಾಗಾಗಿ ಕನ್ನಡ ವಿಕಿಪೀಡಿಯದಲ್ಲಿ 'ಬೇಸರ' ಈ ಕಾರಣಕ್ಕೆ ಕಳೆದುಹೋಗುವುದಿಲ್ಲ.

ಒಂದು ಸಾಲಿನ ಕೆಲಸ ಮಾಡದವರು "ಸರಿಯಾಗಿ ಟೈಪ್ ಮಾಡಿ" ಎಂದು ಓದುಗರಿಗೆ ಹೇಳುತ್ತಾರೆ. ಓದುಗರು ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು. ಇನ್ನೂ ಹೇಳಬೇಕೆಂದರೆ, ಸಂಗ್ರಹದ ಒಡೆದ ರೂಪವನ್ನು ಈಗಿನ ಸಾಮಾನ್ಯ ಕೀಲಿಮಣೆಗಳಲ್ಲಿ ಟೈಪ್ ಮಾಡುವುದೇ ಕಷ್ಟ. ಬೀಗವನ್ನು ತಿರುಚಿಟ್ಟು, ಕೀಲಿ ತಂದವರ ಕೈಯನ್ನು ಅನುಮಾನಿಸಿದ ಹಾಗಾಯಿತು.

ಇನ್ನು ಕೆಲವರ ಉತ್ತರ ಬೇರೆ: "ಸ್ವಲ್ಪ ಸಡಿಲವಾಗಿ ಹುಡುಕುವ ವ್ಯವಸ್ಥೆ ಹಾಕುತ್ತೇವೆ, ಹತ್ತಿರದ ಪದಗಳೂ ಸಿಗುತ್ತವೆ." ಕೇಳಲು ಉದಾರವಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ಸಡಿಲ ಹುಡುಕಾಟ ಅಳೆಯುವುದು ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಬದಲಾವಣೆ ಬೇಕು ಎಂಬುದನ್ನು. 'ಲೋಕ' ಪದದ ಓತ್ವದ ದೀರ್ಘ ಇಡಿಯಾಗಿದ್ದರೆ ಒಂದು ಸಂಖ್ಯೆ, ಪೂರ್ತಿ ಬಿಡಿಸಿದರೆ ಮೂರು: ಏತ್ವ, ಕೊಂಬಿನ ಇಳಿ, ದೀರ್ಘ. ಒಂದನ್ನು ಬದಲಿಸಿ ಎರಡನ್ನು ಸೇರಿಸಬೇಕು, ಒಟ್ಟು ಮೂರು ಬದಲಾವಣೆ. 'ಲೋಕ'ವನ್ನು 'ಲೋಪ' ಮಾಡಲು ಒಂದೇ ಬದಲಾವಣೆ ಸಾಕು. ಅಂದರೆ ಆ ಯಂತ್ರದ ಕಣ್ಣಿಗೆ 'ಲೋಕ'ಕ್ಕೆ 'ಲೋಕ'ಕ್ಕಿಂತ 'ಲೋಪ'ವೇ ಹತ್ತಿರದ ನೆಂಟ. ಕವಿಯೊಬ್ಬರ ಪದಬಳಕೆಯನ್ನು ಎಣಿಸಲು ಹೊರಟವರಿಗೆ ಇದಕ್ಕಿಂತ ಸೊನ್ನೆ ಫಲಿತಾಂಶವೇ ಮೇಲು. ಸೊನ್ನೆಯಾದರೂ ಅನುಮಾನ ಹುಟ್ಟಿಸುತ್ತದೆ.

ಆದರೆ ಎನ್‌ಎಫ್‌ಸಿ ಎಂದು ಜಪ ಮಾಡುವವರ ಮೇಲೂ ನನಗೆ ತಕರಾರಿದೆ. ಅದು ಯೂನಿಕೋಡ್ ತಾನೇ ಒಂದೇ ಎಂದು ಸಾರಿದ್ದನ್ನು ಮಾತ್ರ ಒಂದುಮಾಡುತ್ತದೆ. ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ, ಯೂನಿಕೋಡ್ ಒಂದೆಂದು ಒಪ್ಪದ ಜೋಡಿಗಳು ಬೇರೆಯೂ ಇವೆ. ಅದರಲ್ಲಿ ಎರಡು ದೊಡ್ಡವು.

ಮೊದಲನೆಯದು ಸೊನ್ನೆ. ಅನುಸ್ವಾರದ ಸಂಕೇತ U+0C82, ಕನ್ನಡ ಅಂಕಿ ಸೊನ್ನೆಯದು U+0CE6. ಅನೇಕ ಫಾಂಟುಗಳಲ್ಲಿ ಎರಡೂ ಅದೇ ದುಂಡು. 'ಸಂಸಾರ'ದ ನಡುವೆ ಅಂಕಿ ಸೊನ್ನೆ ಕೂತಿರುವ ಪುಟಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, 'ಬೆಂಗಳೂರು' ಕೂಡ ಹಾಗೆ ಕಾಣಸಿಗುತ್ತದೆ. ಇದನ್ನು ಟೈಪ್ ಮಾಡಿದವರ ದಡ್ಡತನ ಎಂದು ನಗುವವರಿಗೆ ಒಂದು ಪ್ರಶ್ನೆ: ಕನ್ನಡದ ಮೇಷ್ಟ್ರು ಅನುಸ್ವಾರಕ್ಕೆ ತರಗತಿಯಲ್ಲಿ ಏನೆಂದು ಹೇಳಿಕೊಡುತ್ತಾರೆ? "ಪಕ್ಕದಲ್ಲಿ ಒಂದು ಸೊನ್ನೆ ಇಡು" ಎಂದೇ ಅಲ್ಲವೆ? ನಮ್ಮ ಭಾಷೆಯೇ ಅದಕ್ಕೆ ಸೊನ್ನೆ ಎಂದು ಹೆಸರಿಟ್ಟಿದೆ. ಟೈಪ್ ಮಾಡುವವರು ಕೀಲಿಮಣೆಯಲ್ಲಿ ಸೊನ್ನೆ ಹುಡುಕಿದರು, ಸಿಕ್ಕಿತು, ಒತ್ತಿದರು. ಪುಟ ಸರಿಯಾಗಿಯೇ ಕಂಡಿತು.

ಇದರಿಂದ ಕೆಡುವುದು ಹುಡುಕಾಟವೊಂದೇ ಅಲ್ಲ. ಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ನಿಜವಾದ ಅನುಸ್ವಾರವಿರುವ 'ಅಂಕ' ಅಕಾರದ ಮೊದಲಲ್ಲೇ ಬರುತ್ತದೆ, ಏಕೆಂದರೆ ಅನುಸ್ವಾರದ ಸಂಖ್ಯೆ ಎಲ್ಲ ಅಕ್ಷರಗಳಿಗಿಂತ ಹಿಂದಿದೆ. ಅಂಕಿ ಸೊನ್ನೆ ಇರುವ 'ಅಂಕ' 'ಅಹಂಕಾರ'ದ ನಂತರ ಬಾಲಕ್ಕೆ ಹೋಗಿ ಕೂರುತ್ತದೆ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ಒಂದೇ ಪದ ಎರಡು ಕಡೆ ಬಂದದ್ದು ಕಂಡರೆ ಸಂಪಾದಕರನ್ನು ಬೈಯುವ ಮುಂಚೆ ಇದನ್ನೊಮ್ಮೆ ನೋಡಿ.

ಎರಡನೆಯದು ಕಣ್ಣಿಗೇ ಕಾಣದ ಅಕ್ಷರ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಸೇರಿ ಒತ್ತಕ್ಷರ ಆಗದಂತೆ ನಡುವೆ ಒಂದು ಅದೃಶ್ಯ ತಡೆ ಇಡುತ್ತೇವೆ, ಅದರ ಸಂಕೇತ U+200C. ಅಲ್ಲಿ ಅದಕ್ಕೆ ಕೆಲಸವಿದೆ. ಆದರೆ ಎಷ್ಟೋ ಪಠ್ಯಗಳಲ್ಲಿ ಅದು ಪದದ ಕೊನೆಯಲ್ಲೂ ಇರುತ್ತದೆ. 'ಬಸ್' ಎಂದು ಬರೆದು, ಮುಂದೆ ಏನಾದರೂ ಅಂಟಿಕೊಂಡೀತೆಂಬ ಮುಂಜಾಗ್ರತೆಗೋ ಅಭ್ಯಾಸಬಲಕ್ಕೋ ಅದನ್ನೂ ಒತ್ತಿರುತ್ತಾರೆ. ಮುಂದೆ ಬರುವುದು ಖಾಲಿ ಜಾಗ. ತಡೆಗೆ ತಡೆಯಲು ಏನೂ ಇಲ್ಲ, ಆದರೂ ಅದು ಅಲ್ಲೇ ಇರುತ್ತದೆ. ಹಾಗೆ ಬರೆದ 'ಬಸ್' ನಾಲ್ಕು ಸಂಖ್ಯೆ, ನೀವು ಹುಡುಕುವ 'ಬಸ್' ಮೂರು. ಇಡೀ ಪದವನ್ನೇ ಹೋಲಿಸುವ ಸೂಚಿಯಲ್ಲಿ ಎರಡೂ ಬೇರೆ. ಇನ್ನೂ ವಿಚಿತ್ರವೆಂದರೆ ಪುಟದಿಂದ ನಕಲು ಮಾಡಿ ಹುಡುಕಿದರೆ ಆ ಪದವಷ್ಟೇ ಸಿಗುತ್ತದೆ, ಕೈಯಿಂದ ಟೈಪ್ ಮಾಡಿದರೆ ಉಳಿದವು ಮಾತ್ರ ಸಿಗುತ್ತವೆ. ಸಂಶೋಧಕರಿಬ್ಬರು ಒಂದೇ ಪದಕ್ಕೆ ಎರಡು ಲೆಕ್ಕ ಕೊಟ್ಟು ಇಬ್ಬರೂ ಸತ್ಯವನ್ನೇ ಹೇಳುತ್ತಿರಲು ಸಾಧ್ಯ.

(ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ 'ಮ' ಮತ್ತು 'ವು' ಅದಲುಬದಲಾಗುವುದು ಬೇರೆಯೇ ರೋಗ. ಅದು ನಿಜಕ್ಕೂ ತಪ್ಪು ಅಕ್ಷರ, ಅದರ ಮದ್ದು ಕರಡು ತಿದ್ದುವುದು. ಅದನ್ನು ಇದರ ಜೊತೆ ಬೆರೆಸಿ "ಕನ್ನಡ ಕಷ್ಟ" ಎಂದು ಷರಾ ಬರೆಯುವುದು ಬೇಡ.)

ನಿಮ್ಮ ಮುಂದಿರುವ ಪಠ್ಯ ಯಾವ ಜಾತಿಯದು ಎಂದು ತಿಳಿಯಲು ಕೋಡ್ ಬರಬೇಕಿಲ್ಲ. ಪದವನ್ನು ಸಾಮಾನ್ಯ ಬರೆಯುವ ಕಿಟಕಿಗೆ ನಕಲು ಮಾಡಿ, 'ಬೇ' ಪಕ್ಕದಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದೇ ಸಲ ಒತ್ತಿ. ಬಹುತೇಕ ಕಡೆ ಅದು ಒಂದು ಸಂಖ್ಯೆಯನ್ನು ಅಳಿಸುತ್ತದೆ. 'ಬ' ಉಳಿದರೆ ಇಡಿಯಾದ ರೂಪ, 'ಬೆ' ಉಳಿದರೆ ಒಡೆದ ರೂಪ. ಪದದ ಕೊನೆಯಲ್ಲಿ ಒತ್ತಿದಾಗ ಏನೂ ಆಗದಂತೆ ಕಂಡು ಎರಡನೆಯ ಸಲಕ್ಕೆ ಅಳಿಸಿದರೆ ಅಲ್ಲಿ ಅದೃಶ್ಯ ಅಕ್ಷರ ಕೂತಿತ್ತು ಎಂದು ಅರ್ಥ. ಅಂಕಿ ಸೊನ್ನೆಯ ಅನುಮಾನವಿದ್ದರೆ ಕನ್ನಡ ಅಂಕಿ ೦ ಒಂದನ್ನೇ ಹುಡುಕಿ. ಪದಗಳ ಹೊಟ್ಟೆಯೊಳಗೆಲ್ಲ ಬಣ್ಣ ಹೊಳೆದರೆ ಸಿಕ್ಕಿತು. ಸಂಗ್ರಹದ ಹುಡುಕು ಪೆಟ್ಟಿಗೆಯನ್ನೇ ಪರೀಕ್ಷಿಸಬೇಕಾದರೆ, ಪದದೊಳಗಿನ ತುಣುಕನ್ನೂ ಹುಡುಕುವ ಕಡೆ 'ಬೇಸರ'ದ ಬದಲು 'ಸರ' ಎಂದು ಹಾಕಿ ನೋಡಿ. ನಮ್ಮ ಹುಡುಗಿಗೆ ನಾನು ಹೇಳಿದ್ದು ಅದನ್ನೇ. ಅವಸರ, ಸರಸರ, ಸರಕು ಎಲ್ಲದರ ನಡುವೆ ಬೇಸರವೂ ಬಂದು ಸಾಲಾಗಿ ನಿಂತಿತು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಸಣ್ಣದು. ಮೂಲ ಪಠ್ಯವನ್ನು ಮುಟ್ಟಬೇಡಿ. ಹುಡುಕಾಟಕ್ಕೆಂದು ಪ್ರತಿ ಪದಕ್ಕೂ ಒಂದು ಹದಗೊಳಿಸಿದ ನಕಲು ಇಟ್ಟುಕೊಳ್ಳಿ. ಓದುಗರು ಟೈಪ್ ಮಾಡಿದ್ದನ್ನೂ ಅದೇ ಹದಕ್ಕೆ ತಂದು, ಆ ನಕಲಿನ ಜೊತೆ ಹೋಲಿಸಿ. ಪೈಥಾನ್‌ನಲ್ಲಿ ಅದು ಇಷ್ಟು:

```python
import re, unicodedata

def key(s):
    s = re.sub("[\u200b-\u200d\ufeff]", "", s)
    s = unicodedata.normalize("NFC", s)
    return re.sub("(?<=[\u0c85-\u0ccc])\u0ce6(?![\u0ce6-\u0cef])",
                  "\u0c82", s)
```

ಮೊದಲ ಸಾಲು ಅದೃಶ್ಯ ಅಕ್ಷರಗಳನ್ನು ತೆಗೆಯುತ್ತದೆ, ಎರಡನೆಯದು ಒಡೆದದ್ದನ್ನು ಸೇರಿಸುತ್ತದೆ. ಈ ಕ್ರಮ ತಿರುವುಮುರುವಾಗಬಾರದು. ಏತ್ವಕ್ಕೂ ದೀರ್ಘಕ್ಕೂ ನಡುವೆ ಅದೃಶ್ಯ ಅಕ್ಷರವೊಂದು ನುಸುಳಿದ್ದರೆ, ಅದನ್ನು ತೆಗೆಯದೆ ಎರಡೂ ಸೇರುವುದಿಲ್ಲ. ಮೂರನೆಯದು ಸೊನ್ನೆಯ ವಿಚಾರ, ಇಲ್ಲಿ ಮಾತ್ರ ಸ್ವಲ್ಪ ವಿವೇಕ ಬೇಕು. ಸಿಕ್ಕ ಅಂಕಿ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿದರೆ '೧೦ನೇ ಅಧ್ಯಾಯ' ಹಾಳಾಗುತ್ತದೆ. ಹಾಗಾಗಿ ಹಿಂದೆ ಏನಿದೆ ಎಂದು ನೋಡುತ್ತದೆ: ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದು ಮುಂದೆ ಅಂಕಿ ಇಲ್ಲದಿದ್ದರೆ ಮಾತ್ರ ಅನುಸ್ವಾರ. 'ಕ೦೫' ಎಂಬಂಥ ಗ್ರಂಥಾಲಯದ ಗುರುತು ಹಾಗೇ ಉಳಿಯುತ್ತದೆ. ಇದರ ತದ್ವಿರುದ್ಧ, ಅಂದರೆ ಇಸವಿಯ ನಡುವೆ ಸೊನ್ನೆಯ ಬದಲು ಅನುಸ್ವಾರ ಒತ್ತಿರುವುದೂ ಉಂಟು, ಅದಕ್ಕೆ ಇನ್ನೊಂದು ಸಾಲು ಬೇಕು.

ನಕಲಿನ ಮೇಲೆ ಮಾತ್ರ ಎಂದು ಒತ್ತಿ ಹೇಳಲು ಕಾರಣವಿದೆ. ಈ ಹದದಲ್ಲಿ 'ರಾಜ್‌ಕುಮಾರ್' ನಡುವಿನ ತಡೆ ಬಿದ್ದುಹೋಗಿ ಒತ್ತಕ್ಷರವಾಗುತ್ತದೆ. ಹುಡುಕಾಟಕ್ಕೆ ಅದರಿಂದ ಲಾಭವೇ, ಹೇಗೆ ಬರೆದರೂ ಸಿಗುತ್ತದೆ. ಆದರೆ ಅದನ್ನೇ ಮೂಲ ಪಠ್ಯದ ಮೇಲೆ ಓಡಿಸಿದರೆ ಓದುಗರ ಮುಂದೆ ಬರುವುದು ವಿಕಾರವಾದ ಪುಟ. ಉತ್ಸಾಹಿಗಳೊಬ್ಬರು ಹಾಗೆ ಮಾಡಿ ಒಂದು ಇಡೀ ಕಾದಂಬರಿಯ ಇಂಗ್ಲಿಷ್ ಹೆಸರುಗಳನ್ನೆಲ್ಲ ಒತ್ತಕ್ಷರದ ಗಂಟು ಮಾಡಿಟ್ಟದ್ದನ್ನು ಕಂಡಿದ್ದೇನೆ. ಇನ್ನೊಂದು ಎಚ್ಚರಿಕೆ, ಕೆಲಸ ಮಾಡುವವರಿಗೆ: ನಕಲಿನ ಉದ್ದವೂ ಮೂಲದ ಉದ್ದವೂ ಒಂದೇ ಆಗಿರುವುದಿಲ್ಲ. ಸಿಕ್ಕ ಪದಕ್ಕೆ ಪುಟದಲ್ಲಿ ಬಣ್ಣ ಬಳಿಯುವಾಗ ನಕಲಿನ ಎಣಿಕೆಯನ್ನೇ ನಂಬಿದರೆ ಬಣ್ಣ ಪಕ್ಕದ ಪದದ ಮೇಲೆ ಬೀಳುತ್ತದೆ.

ಇದನ್ನೆಲ್ಲ ಸಂಗ್ರಹದವರಿಗೆ ಎರಡನೆಯ ಸಲ ಬರೆದು ಕಳಿಸಿದೆ, ಮೇಲಿನ ಕೋಡ್ ಸಮೇತ. "ನಮ್ಮ ಎಲ್ಲ ಪಠ್ಯಗಳೂ ಯೂನಿಕೋಡ್‌ನಲ್ಲೇ ಇವೆ" ಎಂದು ಉತ್ತರ ಬಂತು. ಹೌದು, ಇವೆ. ಅವಳು ಟೈಪ್ ಮಾಡಿದ್ದೂ ಯೂನಿಕೋಡ್, ಪುಟದಲ್ಲಿದ್ದದ್ದೂ ಯೂನಿಕೋಡ್. ದೂರು ಇದ್ದದ್ದೇ ಅದರ ಬಗ್ಗೆ.

ಯೂನಿಕೋಡ್‌ಗೆ ಬಂದದ್ದೇ ದಡ ಸೇರಿದಂತೆ ಎಂದು ನಾವು ಬಹಳ ದಿನ ನಂಬಿದೆವು. ಪುಸ್ತಕಗಳನ್ನು ಪರಿವರ್ತಿಸಿ ಏರಿಸಿದವರು ಎಣಿಸಿದ್ದು ಪುಟಗಳನ್ನು. ಎಷ್ಟು ಪುಟ ಏರಿಸಿದೆವು ಎಂಬ ಲೆಕ್ಕ ವರದಿಗಳಲ್ಲಿ ಸಿಗುತ್ತದೆ. ಏರಿಸಿದ ಪುಟದಿಂದ ಹತ್ತು ಪದ ಆರಿಸಿ, ಕೈಯಿಂದ ಟೈಪ್ ಮಾಡಿ, ಹುಡುಕಿದರೆ ಎಷ್ಟು ಸಿಕ್ಕವು ಎಂಬ ಲೆಕ್ಕವನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ಮುದ್ರಿತ ಪುಸ್ತಕದಲ್ಲಿ ಪದ ಸಿಗದಿದ್ದರೆ ಓದುಗರು ತಮ್ಮ ಕಣ್ಣನ್ನು ಅನುಮಾನಿಸುತ್ತಾರೆ, ಇನ್ನೊಮ್ಮೆ ಪುಟ ತಿರುವುತ್ತಾರೆ. ಯಂತ್ರ ಇಲ್ಲ ಎಂದರೆ ಅದು ಪುರಾವೆಯಾಗಿ ಅಡಿಟಿಪ್ಪಣಿಗೆ ಹೋಗುತ್ತದೆ. 'ಈ ಪದ ಇವರಲ್ಲಿ ಇಲ್ಲ', 'ಈ ದಶಕಕ್ಕಿಂತ ಮುಂಚೆ ಈ ಪದ ಕಾಣುವುದಿಲ್ಲ' ಎಂಬ ವಾಕ್ಯಗಳು ಈಗ ಪ್ರಬಂಧಗಳಲ್ಲಿ ಹೆಚ್ಚುತ್ತಿವೆ. ಅವುಗಳಲ್ಲಿ ಎಷ್ಟು ಕತೆಗಾರರ ಬಗ್ಗೆ, ಎಷ್ಟು ಯಾವುದೋ ಡಿಟಿಪಿ ಅಂಗಡಿಯ ಹಳೆಯ ಪರಿವರ್ತಕದ ಬಗ್ಗೆ?

ಹುಡುಗಿ ಆ ಎರಡು ಪುಟಗಳನ್ನು ತೆಗೆದುಹಾಕಿದಳು. ಸಂಕಲನದ ಪಠ್ಯವನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಹದಗೊಳಿಸಿ, ಮತ್ತೆ ಎಣಿಸಿದಳು. ಬೇಸರ ಎಲ್ಲ ಕಡೆ ಇತ್ತು. ಹೆಚ್ಚಾಗಿ ಮುದುಕರಿಗೆ, ಮಳೆಗಾಲದಲ್ಲಿ. ಈಗ ಅವಳ ಅಧ್ಯಾಯ ಅದರ ಮೇಲಿದೆ.